ಗುಲಾಬಿ ಮಾತ್ರೆ ಎಷ್ಟು ಮಿಲಿಗ್ರಾಂ? ವಾರ್ಫರಿನ್ ಬಣ್ಣಗಳನ್ನು ಓದುವ ಕ್ರಮ

ವಾರ್ಫರಿನ್ ಎಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಅಮೆರಿಕದಲ್ಲಿ ಗುಲಾಬಿ ಬಣ್ಣದ ವಾರ್ಫರಿನ್ ಮಾತ್ರೆ ಎಂದರೆ 1 ಮಿ.ಗ್ರಾಂ. ಬ್ರಿಟನ್ನಿನಲ್ಲಿ ಅದೇ ಗುಲಾಬಿ ಬಣ್ಣದ ಮಾತ್ರೆ 5 ಮಿ.ಗ್ರಾಂ. ಅಮೆರಿಕದ ಬಿಳಿ ಮಾತ್ರೆ 10 ಮಿ.ಗ್ರಾಂ. ಆದರೆ ಬ್ರಿಟನ್ನಿನ ಬಿಳಿ ಮಾತ್ರೆ ಅರ್ಧ ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು ಕಡಿಮೆ. ಆರು ತಿಂಗಳು ಮಗಳ ಮನೆಯಲ್ಲಿ, ಮೂರು ತಿಂಗಳು ಮಗನ ಮನೆಯಲ್ಲಿ, ಉಳಿದ ದಿನ ಊರಿನಲ್ಲಿ ಎಂದು ಓಡಾಡುವ ಹಿರಿಯರು ನಮ್ಮ ಮನೆಗಳಲ್ಲಿ ಈಗ ಸಾಕಷ್ಟು ಮಂದಿ ಇದ್ದಾರೆ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು, ಹೃದಯದ ಬಡಿತ ತಾಳ ತಪ್ಪಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದವರು ಅವರಲ್ಲಿರುತ್ತಾರೆ. ಅಂಥವರ ಔಷಧದ ಡಬ್ಬಿಯಲ್ಲಿ ಎರಡು ದೇಶಗಳ ಮಾತ್ರೆಗಳು ಪಕ್ಕಪಕ್ಕದಲ್ಲಿ ಬಂದು ಕೂತಾಗ ಏನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ತಿಳಿಸುವುದಷ್ಟೇ ಈ ಲೇಖನದ ಉದ್ದೇಶ. ಯಾರಿಗೆ ಎಷ್ಟು ಡೋಸ್ ಬೇಕು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು.

ಬಣ್ಣ ಯಾಕೆ ಬಂತು

ವಾರ್ಫರಿನ್ ಡೋಸ್ ಎಲ್ಲರಿಗೂ ಒಂದೇ ಅಲ್ಲ. ಒಬ್ಬರಿಗೆ ದಿನಕ್ಕೆ 2 ಮಿ.ಗ್ರಾಂ. ಸಾಕಾದರೆ ಇನ್ನೊಬ್ಬರಿಗೆ 9 ಮಿ.ಗ್ರಾಂ. ಬೇಕಾಗಬಹುದು, ಅದೂ ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿಯನ್ನು ನೋಡಿ ಆಗಾಗ ಬದಲಾಗುತ್ತದೆ. ಬಡಿತದ ತೊಂದರೆ ಇರುವವರಲ್ಲಿ ಈ ಅಂಕಿ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇರುವವರಲ್ಲಿ 2.5ರಿಂದ 3.5ರ ನಡುವೆ ಇರಲಿ ಎಂದು ವೈದ್ಯರು ನೋಡಿಕೊಳ್ಳುತ್ತಾರೆ. ಅಂಕಿ ಕೆಳಗಿಳಿದರೆ ಹೆಪ್ಪು ಕಟ್ಟುವ ಭಯ, ಮೇಲೇರಿದರೆ ರಕ್ತಸ್ರಾವದ ಭಯ. ಇಷ್ಟು ಕಿರಿದಾದ ದಾರಿಯಲ್ಲಿ ನಡೆಸಬೇಕಾದ್ದರಿಂದ ಮಾತ್ರೆಯನ್ನು ಅನೇಕ ಶಕ್ತಿಗಳಲ್ಲಿ ತಯಾರಿಸುತ್ತಾರೆ, ಒಂದಕ್ಕೊಂದು ಬೆರೆಯದಿರಲಿ ಎಂದು ಪ್ರತಿಯೊಂದಕ್ಕೂ ಬೇರೆ ಬಣ್ಣ ಕೊಡುತ್ತಾರೆ.

ಅಮೆರಿಕದಲ್ಲಿ ಒಂಬತ್ತು ಶಕ್ತಿಗಳಿವೆ. 1 ಮಿ.ಗ್ರಾಂ. ಗುಲಾಬಿ, 2 ತಿಳಿ ನೇರಳೆ, 2.5 ಹಸಿರು, 3 ಗೋಧಿ ಬಣ್ಣ, 4 ನೀಲಿ, 5 ಪೀಚ್ ಹಣ್ಣಿನ ಬಣ್ಣ, 6 ನೀಲಿ ಬೆರೆತ ಹಸಿರು, 7.5 ಹಳದಿ, 10 ಬಿಳಿ. ಬಿಳಿಯ ಮಾತ್ರೆಗೆ ಬಣ್ಣವನ್ನೇ ಸೇರಿಸಿರುವುದಿಲ್ಲ. ಕೌಮಡಿನ್ ಎಂಬ ಮೂಲ ಬ್ರಾಂಡ್ ಬಳಸಿದ ಈ ಪದ್ಧತಿಯನ್ನೇ ಅಲ್ಲಿನ ಜೆನೆರಿಕ್ ಕಂಪನಿಗಳೂ ಮುಂದುವರಿಸಿದವು. 2020ರಲ್ಲಿ ಆ ಬ್ರಾಂಡ್ ಅಮೆರಿಕದ ಮಾರುಕಟ್ಟೆಯಿಂದ ಹಿಂದೆ ಸರಿದ ಮೇಲೂ ಬಣ್ಣಗಳು ಉಳಿದುಕೊಂಡಿವೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಸಿಗುವುದು ನಾಲ್ಕೇ: ಅರ್ಧ ಮಿ.ಗ್ರಾಂ. ಬಿಳಿ, 1 ಮಿ.ಗ್ರಾಂ. ಕಂದು, 3 ಮಿ.ಗ್ರಾಂ. ನೀಲಿ, 5 ಮಿ.ಗ್ರಾಂ. ಗುಲಾಬಿ.

ಒಂದೊಂದು ದೇಶದೊಳಗೆ ಈ ಪಟ್ಟಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಇರುವುದು ಎರಡು ಪಟ್ಟಿಗಳೂ ಬೇರೆ ಬೇರೆಯಾಗಿ ಹುಟ್ಟಿದವು ಎಂಬುದರಲ್ಲಿ. ಆಸ್ಟ್ರೇಲಿಯಾದಲ್ಲಂತೂ ಒಂದೇ ದೇಶದೊಳಗೆ ಎರಡು ಬ್ರಾಂಡ್, ಎರಡು ಪಟ್ಟಿ. ಮರೆವಾನ್ ಬ್ರಾಂಡಿನ 5 ಮಿ.ಗ್ರಾಂ. ಮಾತ್ರೆ ಗುಲಾಬಿ, ಕೌಮಡಿನ್ ಬ್ರಾಂಡಿನ 5 ಮಿ.ಗ್ರಾಂ. ಹಸಿರು. ಅಮೆರಿಕದಿಂದ ಬಂದವರ ಕಣ್ಣಿಗೆ ಆ ಹಸಿರು 2.5ರ ಹಾಗೆ ಕಾಣುತ್ತದೆ. ನಮ್ಮ ದೇಶದಲ್ಲಿ ಎಲ್ಲ ಕಂಪನಿಗಳೂ ಪಾಲಿಸುವ ಒಂದೇ ಬಣ್ಣದ ಪಟ್ಟಿ ಇಲ್ಲ. ಹಾಗಾಗಿ ಊರಿನ ಮೆಡಿಕಲ್ ಶಾಪಿನಲ್ಲಿ ಈ ತಿಂಗಳು ಒಂದು ಕಂಪನಿಯದು, ಮುಂದಿನ ತಿಂಗಳು ಇನ್ನೊಂದರದು ಸಿಕ್ಕರೆ, ಶಕ್ತಿ ಅದೇ ಇದ್ದೂ ಬಣ್ಣ ಬದಲಾಗಬಹುದು; ಬಣ್ಣ ಅದೇ ಇದ್ದೂ ಶಕ್ತಿ ಬದಲಾಗಬಹುದು. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಆಗ ಯಾರಿಗೂ ಅನುಮಾನ ಬರುವುದಿಲ್ಲ.

ಮೊದಲ ಹೆಜ್ಜೆ: ಡೋಸನ್ನು ಮಿಲಿಗ್ರಾಂನಲ್ಲೇ ಬರೆದಿಡಿ

"ರಾತ್ರಿ ಒಂದು ಗುಲಾಬಿ, ಅರ್ಧ ನೀಲಿ" ಎಂದು ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಯನ್ನು ಮೊದಲು ತೆಗೆದುಹಾಕಬೇಕು. ಅದರ ಜಾಗದಲ್ಲಿ "ವಾರ್ಫರಿನ್, ದಿನಕ್ಕೆ ಒಟ್ಟು 6 ಮಿ.ಗ್ರಾಂ., ರಾತ್ರಿ 8 ಗಂಟೆಗೆ" ಎಂದು ಬರೆದು, ಯಾವ ತಾರೀಖಿನಿಂದ ಈ ಡೋಸ್ ಶುರುವಾಯಿತು ಎಂಬುದನ್ನೂ ಸೇರಿಸಬೇಕು. ಬ್ರಿಟನ್ನಿನಲ್ಲಿ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಕೊಡುವ ಹಳದಿ ಪುಸ್ತಕದಲ್ಲಿಯೂ ಐಎನ್‌ಆರ್ ಜೊತೆಗೆ ಡೋಸನ್ನು ಮಿಲಿಗ್ರಾಂನಲ್ಲಿ ಬರೆದಿಡುವ ರೂಢಿ ಇದೆ.

ನಮ್ಮ ಊರಿನ ಚೀಟಿಗಳಲ್ಲಿ "0-0-1" ಎಂದು ಬರೆಯುವುದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಬೇಡ, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಅದರ ಅರ್ಥ. ಆದರೆ ಆ 1 ಹೇಳುವುದು ಮಾತ್ರೆಯ ಎಣಿಕೆಯನ್ನು ಮಾತ್ರ. ಅದರ ಮೇಲಿನ ಸಾಲಿನಲ್ಲಿ 3 ಮಿ.ಗ್ರಾಂ. ಎಂದು ಬರೆದಿದ್ದರೆ ಡೋಸ್ 3, 5 ಎಂದಿದ್ದರೆ 5. ಮೇಲಿನ ಸಾಲು ಅಳಿಸಿಹೋದರೆ ಕೆಳಗಿನದಕ್ಕೆ ಅರ್ಥವೇ ಇಲ್ಲ. ನಾನು ನೋಡಿದ ಮಟ್ಟಿಗೆ ಹಿರಿಯರು ನೆನಪಿಟ್ಟುಕೊಳ್ಳುವುದು ಈ ಕೆಳಗಿನ ಸಾಲನ್ನೇ. "ಎಷ್ಟು ತಗೋತೀರಿ?" ಎಂದರೆ "ಒಂದು" ಎನ್ನುತ್ತಾರೆ.

ಅಂಕಿ ಬರೆಯುವಾಗಲೂ ಒಂದು ಎಚ್ಚರ ಬೇಕು. ಅರ್ಧ ಮಿಲಿಗ್ರಾಂ ಎಂದು ಬರೆಯುವಾಗ ಮುಂದೆ ಸೊನ್ನೆ ಹಾಕಿ 0.5 ಎಂದೇ ಬರೆಯಿರಿ, ಇಲ್ಲವಾದರೆ ಚುಕ್ಕಿ ಮಾಸಿ ಅದು 5 ಆಗುತ್ತದೆ. ಒಂದು ಮಿಲಿಗ್ರಾಂ ಎಂದು ಬರೆಯುವಾಗ ಹಿಂದೆ ಚುಕ್ಕಿ ಸೊನ್ನೆ ಬೇಡ, ಅದನ್ನು ಯಾರಾದರೂ 10 ಎಂದು ಓದಿಯಾರು. ಬ್ರಿಟನ್ನಿನ ಪೊಟ್ಟಣದ ಮೇಲೆ ಅರ್ಧ ಮಿಲಿಗ್ರಾಂ ಮಾತ್ರೆಯನ್ನು 500 ಮೈಕ್ರೋಗ್ರಾಂ ಎಂದು ಅಚ್ಚು ಹಾಕಿರುತ್ತಾರೆ. 500 ಎಂಬ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ, ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ.

ಎರಡನೆಯ ಹೆಜ್ಜೆ: ಹೆಸರು ಮತ್ತು ಶಕ್ತಿಯನ್ನು ಪೊಟ್ಟಣದ ಮೇಲೆ ಓದಿ

ಮಾತ್ರೆ ಕೈಗೆ ಬಂದಾಗ ಅಂಗಡಿಯ ಕೌಂಟರಿನಲ್ಲೇ ಎರಡು ವಿಷಯಗಳನ್ನು ಜೋರಾಗಿ ಓದಬೇಕು: ಔಷಧದ ಹೆಸರು, ಮಿಲಿಗ್ರಾಂ. ಹೆಸರು ಯಾಕೆಂದರೆ, ನಮ್ಮಲ್ಲಿ ವಾರ್ಫರಿನ್ ಜೊತೆಗೆ ಅಸೆನೊಕೊಮರಾಲ್ ಎಂಬ ಇನ್ನೊಂದು ಔಷಧವೂ ಧಾರಾಳವಾಗಿ ಬಳಕೆಯಲ್ಲಿದೆ. ಎರಡನ್ನೂ ಜನ "ರಕ್ತ ತೆಳ್ಳಗಾಗೋ ಮಾತ್ರೆ" ಎಂದೇ ಕರೆಯುತ್ತಾರೆ, ಎರಡಕ್ಕೂ ಐಎನ್‌ಆರ್ ಪರೀಕ್ಷೆಯೇ, ಆದರೆ ಅದರ 2 ಮಿ.ಗ್ರಾಂ. ಇದರ 2 ಮಿ.ಗ್ರಾಂ.ಗೆ ಸಮವಲ್ಲ. ಅಮೆರಿಕದಲ್ಲಿ ಅಸೆನೊಕೊಮರಾಲ್ ಮಾರಾಟಕ್ಕಿಲ್ಲ. ಅದನ್ನು ತೆಗೆದುಕೊಳ್ಳುತ್ತಿರುವವರು ಆರು ತಿಂಗಳಿಗೆ ಅಲ್ಲಿಗೆ ಹೊರಟಿದ್ದರೆ, ಹೊರಡುವ ಮುಂಚೆಯೇ ವೈದ್ಯರೊಂದಿಗೆ ಮಾತನಾಡಿಕೊಳ್ಳುವುದು ಒಳ್ಳೆಯದು.

ಇನ್ನು ಸ್ಟ್ರಿಪ್ಪಿನ ವಿಚಾರ. ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ಐದು ಸಾಕೆಂದು ಕೇಳಿದರೆ ಅಂಗಡಿಯವರು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಹೆಸರು, ಶಕ್ತಿ, ಅವಧಿ ಮುಗಿಯುವ ತಿಂಗಳು ಇವೆಲ್ಲ ಅಚ್ಚಾಗಿರುವ ಭಾಗ ಒಮ್ಮೊಮ್ಮೆ ಅಂಗಡಿಯಲ್ಲೇ ಉಳಿದುಬಿಡುತ್ತದೆ. ನಿಮ್ಮ ಕೈಗೆ ಬರುವುದು ಬರೀ ಬೆಳ್ಳಿ ಬಣ್ಣದ ಹಾಳೆ, ಅದರೊಳಗೆ ಐದು ಬಣ್ಣದ ಬಿಲ್ಲೆಗಳು. ಆಗ ಶಕ್ತಿ ಹೇಳಲು ಉಳಿಯುವ ಸಾಕ್ಷಿ ಬಣ್ಣವೊಂದೇ. ವಾರ್ಫರಿನ್ ಮಟ್ಟಿಗಾದರೂ ಪೂರ್ತಿ ಸ್ಟ್ರಿಪ್ ಕೊಳ್ಳಿ; ಸಾಧ್ಯವಿಲ್ಲದಿದ್ದರೆ ಅಚ್ಚು ಇರುವ ಭಾಗವನ್ನೇ ಕತ್ತರಿಸಿ ಕೊಡಲು ಕೇಳಿ, ಕೊನೆಯ ಮಾತ್ರೆಯನ್ನು ಆ ಭಾಗದಿಂದ ತೆಗೆಯಿರಿ.

ಮೂರನೆಯ ಹೆಜ್ಜೆ: ಮಾತ್ರೆಯ ಮೈಮೇಲಿನ ಅಂಕಿ, ಆಮೇಲೆ ಕೂಡಿಸುವ ಲೆಕ್ಕ

ಅಮೆರಿಕದ ಮಾತ್ರೆಗಳ ಮೇಲೆ ಶಕ್ತಿಯ ಅಂಕಿಯನ್ನು ಅಚ್ಚೊತ್ತಿರುತ್ತಾರೆ. ಅಲ್ಲಿ ಔಷಧಾಲಯದವರು ಮಾತ್ರೆಗಳನ್ನು ಕಿತ್ತಳೆ ಬಣ್ಣದ ಬಾಟಲಿಗೆ ಎಣಿಸಿ ಹಾಕಿ ಕೊಡುವುದರಿಂದ ಈ ಅಚ್ಚು ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಅಕ್ಷರ ಚಿಕ್ಕದು. ಕನ್ನಡಕ ಹಾಕಿ, ಬಿಳಿ ಬೆಳಕಿನಲ್ಲಿ ಹಿಡಿದು ನೋಡಬೇಕು. ಅರ್ಧ ಮಾಡಿದ ಮಾತ್ರೆಯಲ್ಲಿ ಅಂಕಿಯೂ ಅರ್ಧವಾಗಿರುತ್ತದೆ ಅಥವಾ ಪೂರ್ತಿ ಇನ್ನೊಂದು ತುಂಡಿಗೆ ಹೋಗಿರುತ್ತದೆ. ಹಾಗಾಗಿ ಮುರಿದ ತುಂಡುಗಳನ್ನು ಒಟ್ಟುಗೂಡಿಸಿ ಡಬ್ಬಿಯಲ್ಲಿ ಇಡಬಾರದು.

ಅಂಕಿ ಓದಿದ ಮೇಲೆ ಕೂಡಿಸಿ. ಚೀಟಿಯಲ್ಲಿ 6 ಎಂದಿದೆ, ಅಂಗೈಯಲ್ಲಿ 5 ಮತ್ತು 1 ಇವೆ, ಒಟ್ಟು 6, ಸರಿ. ಅಂಗೈಯಲ್ಲಿ 3 ಮತ್ತು 3 ಇದ್ದರೂ ಸರಿಯೇ. ಎಷ್ಟು ಮಾತ್ರೆ, ಯಾವ ಬಣ್ಣ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅಂಗೈಯ ಒಟ್ಟು ಮತ್ತು ಚೀಟಿಯ ಅಂಕಿ ಕೂಡಿಬರದಿದ್ದರೆ ನುಂಗುವ ಮುಂಚೆ ಫೋನ್ ಮಾಡಬೇಕು.

ಬಣ್ಣ ಕೊನೆಗೆ

ಹಾಗಾದರೆ ಬಣ್ಣ ಪೂರಾ ವ್ಯರ್ಥವೇ? ಇಲ್ಲ. ಬಣ್ಣಕ್ಕೆ ಒಂದು ಒಳ್ಳೆಯ ಕೆಲಸವಿದೆ, ಅದು ಅನುಮಾನ ಹುಟ್ಟಿಸುವ ಕೆಲಸ. ನಿನ್ನೆಯವರೆಗೆ ನೀಲಿ ಇದ್ದದ್ದು ಇವತ್ತು ಕಂದು ಆಗಿದ್ದರೆ ಏನೋ ಬದಲಾಗಿದೆ ಎಂದು ಅದು ಹೇಳುತ್ತದೆ. ಕಂಪನಿ ಬದಲಾಗಿರಬಹುದು, ಡೋಸ್ ಬದಲಾಗಿರಬಹುದು, ಅಂಗಡಿಯವರ ಕೈ ತಪ್ಪಿರಬಹುದು. ಯಾವುದು ಎಂದು ಹೇಳಲು ಬಣ್ಣಕ್ಕೆ ಆಗುವುದಿಲ್ಲ. ಬಣ್ಣ ಬೇರೆಯಾಗಿ ಕಂಡರೆ ನಿಲ್ಲಿಸಿ ಕೇಳಬೇಕು. ಬಣ್ಣ ಅದೇ ಆಗಿ ಕಂಡರೂ ಅಂಕಿ ಓದುವುದನ್ನು ಬಿಡಬಾರದು.

ಕಣ್ಣನ್ನು ನಂಬಲು ಇನ್ನೂ ಒಂದು ತೊಡಕಿದೆ. ಅಮೆರಿಕದ ಪಟ್ಟಿಯಲ್ಲಿ 1 ಗುಲಾಬಿ, 5 ಪೀಚ್. ರಾತ್ರಿ ಊಟದ ಮೇಜಿನ ಹಳದಿ ದೀಪದ ಕೆಳಗೆ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹಗಲಿನಲ್ಲಿ ಕಂಡ ವ್ಯತ್ಯಾಸದಲ್ಲಿ ಅರ್ಧವೂ ಉಳಿದಿರುವುದಿಲ್ಲ, ಮತ್ತು ವಾರ್ಫರಿನ್ ನುಂಗುವ ಹೊತ್ತು ಸಾಮಾನ್ಯವಾಗಿ ರಾತ್ರಿಯೇ. ಪೊರೆ ಬಂದ ಕಣ್ಣಿಗೆ ಲೋಕವೆಲ್ಲ ಕೊಂಚ ಹಳದಿಯಾಗಿ, ನೀಲಿ ಮತ್ತು ನೇರಳೆ ಮಂಕಾಗಿ ಕಾಣುವುದರಿಂದ 2ರ ನೇರಳೆಯೂ 4ರ ನೀಲಿಯೂ ಹತ್ತಿರ ಬರುತ್ತವೆ. ಕೆಂಪು ಹಸಿರು ಬೇರ್ಪಡಿಸಲಾಗದ ಗಂಡಸರು ಎಷ್ಟೋ ಮಂದಿ ತಮಗೆ ಅದು ಇದೆ ಎಂದು ತಿಳಿಯದೆಯೇ ಮುದುಕರಾಗಿರುತ್ತಾರೆ.

ಮಾತಿನ ತೊಡಕು ಇದಕ್ಕಿಂತ ದೊಡ್ಡದು. ಪೀಚ್ ಬಣ್ಣಕ್ಕೆ ನಮ್ಮ ಮನೆಮಾತಿನಲ್ಲಿ ಒಪ್ಪಿತವಾದ ಹೆಸರಿಲ್ಲ. ಒಬ್ಬರು ತಿಳಿ ಕಿತ್ತಳೆ ಎನ್ನುತ್ತಾರೆ, ಇನ್ನೊಬ್ಬರು ಮಾಸಲು ಗುಲಾಬಿ ಎನ್ನುತ್ತಾರೆ. 6 ಮಿ.ಗ್ರಾಂ. ಮಾತ್ರೆಯ ನೀಲಿಹಸಿರನ್ನು ಸೀರೆ ಅಂಗಡಿ ಕಂಡ ಅಮ್ಮಂದಿರು ಥಟ್ಟನೆ ರಾಮಾ ಗ್ರೀನ್ ಎಂದುಬಿಡುತ್ತಾರೆ. ಅದೇ ಮಾತ್ರೆಯನ್ನು ಫೋನಿನಲ್ಲಿ ಮಗನಿಗೆ ಹೇಳುವಾಗ ಅದು ಬರೀ "ಹಸಿರು" ಆಗುತ್ತದೆ. ಮಗ ಪಟ್ಟಿ ನೋಡಿ ಹಸಿರು ಎಂದರೆ 2.5 ಎಂದುಕೊಳ್ಳುತ್ತಾನೆ. ಮಾತನಾಡಿದ ಇಬ್ಬರೂ ಸುಳ್ಳು ಹೇಳಲಿಲ್ಲ, ಆದರೂ 6 ಹೋಗಿ 2.5 ಆಯಿತು.

ಒಂದು ಲೆಕ್ಕವನ್ನು ಬಿಡಿಸಿ ನೋಡೋಣ

ತಪ್ಪು ಹೇಗೆ ಬೆಳೆಯುತ್ತದೆ ಎಂದು ತೋರಿಸಲು ಒಂದು ಉದಾಹರಣೆ ಕಟ್ಟಿಕೊಳ್ಳುತ್ತೇನೆ. ಅರವತ್ತೆಂಟು ವರ್ಷದ ಅಪ್ಪ, ಶಿವಮೊಗ್ಗದವರು, ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಐದು ತಿಂಗಳಿದ್ದರು. ಅಲ್ಲಿನ ವೈದ್ಯರು ಕೊಟ್ಟದ್ದು ದಿನಕ್ಕೆ 6 ಮಿ.ಗ್ರಾಂ.: ಪೀಚ್ ಒಂದು, ಗುಲಾಬಿ ಒಂದು, 5 ಮತ್ತು 1. ವಾರಕ್ಕೆ 42. ಮಗಳು ಅದನ್ನು ಚೀಟಿಯಲ್ಲಿ "ಒಂದು ಪೀಚ್, ಒಂದು ಗುಲಾಬಿ" ಎಂದು ಬರೆದುಕೊಟ್ಟಳು. ಅಲ್ಲಿಂದ ಅಪ್ಪ ಇಂಗ್ಲೆಂಡಿನ ಮಗನ ಮನೆಗೆ ಹೋದರು. ಕೈಯಲ್ಲಿ 12 ಪೀಚ್, 4 ಗುಲಾಬಿ ಉಳಿದಿದ್ದವು, ಬಾಟಲಿಯ ಬದಲು ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ.

ಇಂಗ್ಲೆಂಡಿನ ಕ್ಲಿನಿಕ್ ಅದೇ 6 ಮಿ.ಗ್ರಾಂ.ಗೆ ತನ್ನ ಪದ್ಧತಿಯಂತೆ ಎರಡು ಪೊಟ್ಟಣ ಕೊಟ್ಟಿತು: ಗುಲಾಬಿ 5 ಮಿ.ಗ್ರಾಂ., ಕಂದು 1 ಮಿ.ಗ್ರಾಂ., ತಲಾ 28 ಮಾತ್ರೆ. ಕ್ಲಿನಿಕ್ ಕೊಟ್ಟದ್ದರಲ್ಲಿ ತಪ್ಪಿಲ್ಲ. ಆದರೆ ಅಪ್ಪನಿಗೆ ಕಂದು ಮಾತ್ರೆ ಪರಿಚಯವಿಲ್ಲ, ಗುಲಾಬಿ ಪರಿಚಯವಿದೆ. "ಇದು ನಮ್ಮದೇ, ಆ ಇನ್ನೊಂದು ಯಾವುದೋ" ಎಂದು ಕಂದು ಪೊಟ್ಟಣವನ್ನು ಪಕ್ಕಕ್ಕಿಟ್ಟು, ಡಬ್ಬಿಯಲ್ಲಿದ್ದ ಹಳೆಯ ಮಾತ್ರೆಗಳನ್ನು ಮೊದಲು ಮುಗಿಸೋಣ ಎಂದರು. ಮೊದಲ ನಾಲ್ಕು ದಿನ 5 ಮತ್ತು 1 ಸೇರಿ 6, ಸರಿಯಾಗಿಯೇ ನಡೆಯಿತು. ಐದನೆಯ ದಿನ ಅಮೆರಿಕದ ಗುಲಾಬಿ ಮುಗಿಯಿತು. ಚೀಟಿಯಲ್ಲಿ "ಒಂದು ಪೀಚ್, ಒಂದು ಗುಲಾಬಿ" ಎಂದಿದೆಯಲ್ಲ, ಹೊಸ ಪೊಟ್ಟಣದಿಂದ ಗುಲಾಬಿ ತೆಗೆದುಕೊಂಡರು. 5 ಮತ್ತು 5 ಸೇರಿ ಅವತ್ತಿನ ಡೋಸ್ 10. ಹೀಗೆ ಏಳು ದಿನ ನಡೆದರೆ 42ರ ಜಾಗದಲ್ಲಿ 70. ವೈದ್ಯರು ಐಎನ್‌ಆರ್ ನೋಡಿ ಡೋಸ್ ತಿದ್ದುವಾಗ ಸಾಮಾನ್ಯವಾಗಿ ವಾರದ ಒಟ್ಟಿನಲ್ಲಿ ಶೇಕಡಾ 5ರಿಂದ 20ರಷ್ಟು ಮಾತ್ರ ಏರಿಳಿಸುತ್ತಾರೆ. ಇಲ್ಲಿ ಯಾರೂ ಹೇಳದೆ ಶೇಕಡಾ 66ಕ್ಕಿಂತ ಹೆಚ್ಚು ಏರಿತು.

ಏರಿದ ಡೋಸ್ ಮೊದಲ ದಿನವೇ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ವಾರ್ಫರಿನ್ ನೇರವಾಗಿ ರಕ್ತವನ್ನು ತೆಳುಮಾಡುವುದಿಲ್ಲ; ವಿಟಮಿನ್ ಕೆ ಬಳಸಿ ಯಕೃತ್ತು ತಯಾರಿಸುವ ಹೆಪ್ಪುಗಟ್ಟಿಸುವ ಅಂಶಗಳ ತಯಾರಿಕೆಯನ್ನು ತಡೆಯುತ್ತದೆ. ರಕ್ತದಲ್ಲಿ ಮೊದಲೇ ಇರುವ ಅಂಶಗಳು ಕರಗುತ್ತ ಹೋದ ಹಾಗೆ, ಎರಡು ಮೂರು ದಿನಗಳ ಮೇಲೆ, ಪರಿಣಾಮ ಕಾಣಲು ತೊಡಗುತ್ತದೆ. ಆದ್ದರಿಂದ "ನಿನ್ನೆಯೂ ಇದನ್ನೇ ತಗೊಂಡೆ, ಏನೂ ಆಗಲಿಲ್ಲ" ಎಂಬ ಸಮಾಧಾನಕ್ಕೆ ಬೆಲೆಯಿಲ್ಲ. ನಮ್ಮ ಉದಾಹರಣೆಯ ಅಪ್ಪನಿಗೆ ಒಂಬತ್ತನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ಬಂದ ರಕ್ತ ನಿಲ್ಲಲು ಹೊತ್ತು ಹಿಡಿಯಿತು, ಮುಂಗೈಯಲ್ಲಿ ಏಟು ಬಿದ್ದ ನೆನಪಿಲ್ಲದ ಒಂದು ನೀಲಿ ಕಲೆ ಕಂಡಿತು ಎಂದಿಟ್ಟುಕೊಳ್ಳಿ.

ಮಗ ತಪ್ಪನ್ನು ಹಿಡಿಯಬಹುದಾದ ಜಾಗ ಒಂದೇ, ಅದು ಎಣಿಕೆ. ಕಂದು ಪೊಟ್ಟಣದಲ್ಲಿ 28ಕ್ಕೆ 28 ಇವೆ, ಗುಲಾಬಿಯಲ್ಲಿ 24 ಇವೆ, ಡಬ್ಬಿಯಲ್ಲಿ ಪೀಚ್ 4 ಉಳಿದಿವೆ. ಅಂದರೆ ನಾಲ್ಕು ರಾತ್ರಿ ಪೀಚ್ ಜೊತೆಗೆ ಹೊಸ ಗುಲಾಬಿ ಹೋಗಿದೆ. ನಾಲ್ಕು ದಿನ ತಲಾ 4 ಮಿ.ಗ್ರಾಂ. ಹೆಚ್ಚು, ಒಟ್ಟು 16 ಹೆಚ್ಚು. ಅಪ್ಪನನ್ನು "ಏನು ತಗೊಂಡ್ರಿ?" ಎಂದು ಕೇಳಿದರೆ ಬರುವ ಉತ್ತರಕ್ಕಿಂತ ಈ ಎಣಿಕೆ ಗಟ್ಟಿಯಾದದ್ದು, ಏಕೆಂದರೆ ಅವರು ಚೀಟಿಯಲ್ಲಿದ್ದುದನ್ನೇ ತೆಗೆದುಕೊಂಡೆ ಎನ್ನುತ್ತಾರೆ, ಅದು ನಿಜವೂ ಹೌದು.

ದಾರಿ ತಿರುಗಿದರೆ ತಪ್ಪೂ ತಿರುಗುತ್ತದೆ. ಇಂಗ್ಲೆಂಡಿನಲ್ಲಿ "ದಿನಾ ಒಂದು ಗುಲಾಬಿ" ಎಂದು ರೂಢಿಯಾದವರು ಅಮೆರಿಕದ ಗುಲಾಬಿ ತೆಗೆದುಕೊಂಡರೆ 5ರ ಜಾಗದಲ್ಲಿ 1 ಹೋಗುತ್ತದೆ. ಈ ತಪ್ಪಿಗೆ ವಸಡಿನ ರಕ್ತದಂಥ ಮುನ್ಸೂಚನೆಯೂ ಇರುವುದಿಲ್ಲ. ಕವಾಟದ ಮೇಲೆ ಹೆಪ್ಪು ಕೂತು ಉಸಿರು ಕಟ್ಟಿದಾಗಲೋ, ಬಾಯಿ ಸೊಟ್ಟಗಾದಾಗಲೋ ಅದು ಗೊತ್ತಾಗುತ್ತದೆ. ಹೀಗಾಗಿ ಊರು, ದೇಶ ಅಥವಾ ಕಂಪನಿ ಬದಲಾದಾಗ ಒಂದು ಐಎನ್‌ಆರ್ ಪರೀಕ್ಷೆ ಬೇಗ ಮಾಡಿಸಲೇ ಎಂದು ವೈದ್ಯರನ್ನು ಕೇಳಿಕೊಳ್ಳಬೇಕು. ಹಳೆಯ ದೇಶದ ಮಾತ್ರೆಗಳನ್ನು ಹೊಸದರ ಜೊತೆ ಮುಗಿಸುವ ಮಿತವ್ಯಯ ಬೇರೆ ಯಾವ ಮಾತ್ರೆಯಲ್ಲಾದರೂ ಇರಲಿ, ಇದರಲ್ಲಿ ಬೇಡ. ಹಳೆಯದನ್ನು ಅದರ ಬಾಟಲಿ ಸಮೇತ ಬೇರೆ ಕಪಾಟಿಗೆ ಸೇರಿಸಿ.

ತಪ್ಪಾಯಿತು ಎಂದು ತಿಳಿದ ದಿನ

ಹೆಚ್ಚು ಹೋಗಿದೆ ಎಂದು ಅನುಮಾನ ಬಂದರೆ ಅವತ್ತಿನ ರಾತ್ರಿಯ ಮಾತ್ರೆಗೆ ಕೈ ಹಾಕುವ ಮುಂಚೆಯೇ ಕ್ಲಿನಿಕ್ಕಿಗೋ ವೈದ್ಯರಿಗೋ ಫೋನ್ ಮಾಡಬೇಕು. ಮುಂದಿನ ಡೋಸ್ ಬಿಡಬೇಕೇ, ಐಎನ್‌ಆರ್ ಯಾವಾಗ ಎಂಬುದನ್ನು ಅವರು ಹೇಳುತ್ತಾರೆ. ಕರಿಬಣ್ಣದ ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತ, ಹಠಾತ್ತನೆ ಬಂದ ಜೋರು ತಲೆನೋವು, ಮಾತು ತೊದಲುವುದು ಇವುಗಳಲ್ಲಿ ಯಾವುದಾದರೂ ಇದ್ದರೆ, ಅಥವಾ ತಲೆಗೆ ಪೆಟ್ಟು ಬಿದ್ದಿದ್ದರೆ, ಫೋನ್ ಬಿಟ್ಟು ನೇರ ತುರ್ತು ಚಿಕಿತ್ಸೆಗೆ ಹೋಗಬೇಕು. ವಿಟಮಿನ್ ಕೆ ಇದೆಯೆಂದು ಸೊಪ್ಪಿನ ಸಾರು ಮಾಡಿ ಕುಡಿಸಿ ಸರಿಪಡಿಸುವ ಪ್ರಯತ್ನ ಬೇಡ, ಅದರಿಂದ ಅಂಕಿ ಎತ್ತ ಹೋಗುತ್ತದೆ ಎಂದು ಹೇಳಲಾಗದು. ಒಂದು ಹೊತ್ತು ಮರೆತಿದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಬಹುದು. ಮರುದಿನ ನೆನಪಾದರೆ ಎರಡು ಡೋಸ್ ಸೇರಿಸಿ ನುಂಗಬಾರದು.

ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿರುವ ವಾರ್ಫರಿನ್ ಎಲ್ಲವನ್ನೂ, ಖಾಲಿ ಸ್ಟ್ರಿಪ್ ಮತ್ತು ಬಾಟಲಿಗಳನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿ ಹೇಳಬೇಕಾದದ್ದು ಇಷ್ಟು: ಇರಬೇಕಾದ ಡೋಸ್ ಎಷ್ಟು ಮಿ.ಗ್ರಾಂ., ಹೋದದ್ದು ಎಷ್ಟು ಮಿ.ಗ್ರಾಂ., ಎಷ್ಟು ದಿನ, ಕೊನೆಯ ಮಾತ್ರೆ ಯಾವ ಹೊತ್ತಿಗೆ, ಕೊನೆಯ ಐಎನ್‌ಆರ್ ಯಾವಾಗ ಮತ್ತು ಎಷ್ಟು. "ಗುಲಾಬಿ ಮಾತ್ರೆ ಜಾಸ್ತಿ ತಗೊಂಡಿದಾರೆ" ಎಂದು ಶುರುಮಾಡಿದರೆ ಅಲ್ಲಿನ ವೈದ್ಯರು ತಮ್ಮ ದೇಶದ ಗುಲಾಬಿಯನ್ನೇ ಮನಸ್ಸಿಗೆ ತಂದುಕೊಳ್ಳುತ್ತಾರೆ.